ಎಣಿಸಿ ಹತ್ತೋದು, ಎಣಿಸಿ ಇಳಿಯೋದು

ನಮ್ಮ ಪಟ್ಟಿಯಲ್ಲಿ ಎಲ್ಲಕ್ಕೂ ಟಿಕ್ ಬಿದ್ದಿತ್ತು. ಚೆಂಡು 3, ಟಿಕ್. ಪಂಪು, ಟಿಕ್. ಜರ್ಸಿ 12, ಟಿಕ್. ಆದರೂ ಅಫಜಲಪುರದ ಮೈದಾನದಲ್ಲಿ ನಮ್ಮ ಕೈಯಲ್ಲಿದ್ದದ್ದು 11 ಜರ್ಸಿ, ಚೆಂಡು ಒಂದೂ ಇಲ್ಲ.

ಮೊದಲು ಒಂದು ಮಾತು ಹೇಳಿಬಿಡುತ್ತೇನೆ. ನಾನು ಆಟಗಾರ್ತಿಯಲ್ಲ. ಆಳಂದ ತಾಲೂಕಿನ ಒಂದು ಪ್ರೌಢಶಾಲೆಯಲ್ಲಿ ಗಣಿತ ಹೇಳಿಕೊಡುತ್ತೇನೆ. ಹೆಣ್ಣುಮಕ್ಕಳ ತಂಡ ಹೊರಗೆ ಹೋದರೆ ಜೊತೆಗೊಬ್ಬ ಶಿಕ್ಷಕಿ ಇರಲೇಬೇಕು. ಶಾಲೆಯಲ್ಲಿ ಚಿಕ್ಕ ಮಕ್ಕಳಿಲ್ಲದ, ಮದುವೆಯಾಗದ ಶಿಕ್ಷಕಿ ನಾನೊಬ್ಬಳೇ. ಹಾಗಾಗಿ ವಾಲಿಬಾಲ್ ತಂಡದ ಮ್ಯಾನೇಜರ್ ಅನ್ನೋ ಪದವಿ ನನ್ನ ಹೆಗಲಿಗೆ ಬಂತು. ಆಟ ಕಲಿಸೋದು ಪಿ.ಟಿ. ಸರ್ ಕೆಲಸ. ಮಕ್ಕಳು, ಊಟ, ಕಾಗದಪತ್ರ, ಸಾಮಾನು ಇಷ್ಟು ನನ್ನ ಪಾಲಿಗೆ. ಈ ಬರಹ ಆ ಕೊನೆಯದರ ಬಗ್ಗೆ.

ಆ ದಿನ ಏನಾಯ್ತು

ನಮ್ಮ ಮೂರು ತಾಲೂಕುಗಳ ನಕ್ಷೆ ಒಮ್ಮೆ ಕಣ್ಣ ಮುಂದೆ ತಂದುಕೊಳ್ಳಿ. ನಡುವೆ ಕಲಬುರಗಿ. ಒಂದು ಕಡೆ ಆಳಂದ, ಇನ್ನೊಂದು ಕಡೆ ಅಫಜಲಪುರ, ದಕ್ಷಿಣಕ್ಕೆ ಭೀಮಾ ನದಿ ದಾಟಿದರೆ ಜೇವರ್ಗಿ. ಒಂದೊಂದೂ ಕಲಬುರಗಿಯಿಂದ ಒಂದೆರಡು ತಾಸಿನ ದಾರಿ. ಶಾಲೆಗೆ ಸ್ವಂತ ವಾಹನವಿಲ್ಲ. ಬೆಳಿಗ್ಗೆ ನೇರ ಬಸ್ಸಿನ ಸಮಯ ಹೊಂದಿಬರದಿದ್ದರೆ ಕಲಬುರಗಿಗೆ ಹೋಗಿ, ಅಲ್ಲಿನ ಕೇಂದ್ರ ಬಸ್ ನಿಲ್ದಾಣದಲ್ಲಿ ಇಳಿದು ಇನ್ನೊಂದು ಬಸ್ ಹಿಡಿಯಬೇಕು. 12 ಮಕ್ಕಳು, ಅವರವರ ಚೀಲ, ಮೇಲೆ ತಂಡದ ಸಾಮಾನು. ಅಷ್ಟರಲ್ಲಿ ಎದುರಿನ ಪ್ಲಾಟ್‌ಫಾರ್ಮಿನಲ್ಲಿ ನಮ್ಮ ಬಸ್ ಹೊರಡೋ ಸದ್ದು.

ಹಾಗೆ ಓಡಿದ ದಿನವೇ ಚೆಂಡಿನ ಚೀಲ ಮೊದಲ ಬಸ್ಸಿನ ಹಿಂದಿನ ಸೀಟಿನ ಕೆಳಗೆ ಉಳಿಯಿತು. ಅದು ಗೊತ್ತಾದದ್ದು ಅಫಜಲಪುರದಲ್ಲಿ ಇಳಿದ ಮೇಲೆ.

"ಬಾಲ್ ಚೀಲ ಎಲ್ಲದ?" ಅಂದರು ಪಿ.ಟಿ. ಸರ್.

"ನಿಮ್ಮ ಕಡಿ ಅದ ಅಂತ ತಿಳ್ಕೊಂಡಿದ್ವಿ ಸರ್."

"ಮೇಡಂ, ನಿಮ್ಮ ಕಡಿ ಇಲ್ಲೇನ್ರಿ?"

ನನ್ನ ಕಡೆ ಇರಲಿಲ್ಲ. ಹುಡುಗಿಯರ ಕಡೆ ಇದೆ ಅಂತ ನಾನು ನಂಬಿದ್ದೆ.

ಚೆಂಡಿಲ್ಲ ಅನ್ನೋದು ದೊಡ್ಡ ಮಾತಾಗಲಿಲ್ಲ. ಪಂದ್ಯದ ಚೆಂಡನ್ನು ಸಂಘಟಕರೇ ಕೊಡುತ್ತಾರೆ. ವಾರ್ಮ್‌ಅಪ್‌ಗೆ ಪಕ್ಕದ ತಂಡದವರು ಎರಡು ಕೊಟ್ಟರು. ನಮಗೆ ಹೊಡೆತ ಬಿದ್ದದ್ದು ಬೇರೆ ಕಡೆ. ಲಿಬೆರೊ ಜರ್ಸಿಯೂ ಅದೇ ಚೀಲದಲ್ಲಿತ್ತು.

ವಾಲಿಬಾಲ್ ಗೊತ್ತಿಲ್ಲದವರಿಗೆ ಎರಡು ಮಾತು. ಲಿಬೆರೊ ಅಂದರೆ ಹಿಂದಿನ ಸಾಲಿನಲ್ಲಿ ಮಾತ್ರ ಆಡಿ ಚೆಂಡು ಎತ್ತಿಕೊಡುವ ರಕ್ಷಣೆಯ ಆಟಗಾರ್ತಿ. ಈ ಸ್ಥಾನ 1998ರಲ್ಲಿ ಅಂತರರಾಷ್ಟ್ರೀಯ ನಿಯಮಕ್ಕೆ ಸೇರಿತು. ಲಿಬೆರೊ ಸರ್ವ್ ಪಾಳಿ ಕಾಯದೆ, ರೆಫರಿಯ ಅನುಮತಿ ಕೇಳದೆ ಒಳಗೆ ಹೊರಗೆ ಓಡಾಡುತ್ತಾಳೆ. ಅವಳು ಯಾರು ಅಂತ ದೂರದಿಂದಲೇ ತಿಳಿಯಬೇಕು. ಅದಕ್ಕೇ ಅವಳ ಜರ್ಸಿಯ ಬಣ್ಣ ಉಳಿದವರಿಗಿಂತ ಎದ್ದು ಕಾಣುವಷ್ಟು ಬೇರೆ ಇರಬೇಕು, ಮೇಲೆ ನಂಬರ್ ಇರಬೇಕು. ನಮ್ಮವರದ್ದು 11 ಕೆಂಪು, ಅವಳದ್ದೊಂದು ಹಳದಿ.

ಆ ಹಳದಿ ಜರ್ಸಿಗೆ ನಂಬರ್ ಹಾಕಿಸಲು ಕೊಟ್ಟಿದ್ದೆವು. ಬಂದದ್ದು ಹೊರಡುವ ಹಿಂದಿನ ಸಂಜೆ. ಜರ್ಸಿ ಚೀಲದ ಬಾಯಿ ಆಗಲೇ ಕಟ್ಟಿಯಾಗಿತ್ತು. "ಇರ್ಲಿ, ಬಾಲ್ ಚೀಲದಾಗ ಹಾಕ್ರಿ" ಅಂದವಳು ನಾನೇ. ಪಟ್ಟಿಯಲ್ಲಿ ಜರ್ಸಿ 12 ಅಂತ ಟಿಕ್ ಹಾಕಿದವಳೂ ನಾನೇ. ಟಿಕ್ ಸುಳ್ಳಾಗಿರಲಿಲ್ಲ. ಜರ್ಸಿ ಇತ್ತು. ಯಾವ ಚೀಲದಲ್ಲಿದೆ, ಆ ಚೀಲ ಯಾರ ಕೈಯಲ್ಲಿದೆ ಅನ್ನೋದು ಮಾತ್ರ ಎಲ್ಲೂ ಬರೆದಿರಲಿಲ್ಲ.

ನಮ್ಮ ಲಿಬೆರೊ ಎಂಟನೇ ತರಗತಿಯ ಹುಡುಗಿ. ತಂಡದಲ್ಲೇ ಕುಳ್ಳಿ. ನೆಟ್ ಹತ್ತಿರ ಅವಳಿಗೆ ಆಟವಿಲ್ಲ, ಹಿಂದೆ ನಿಂತರೆ ಮಾತ್ರ ಚೆಂಡು ನೆಲಕ್ಕೆ ಬೀಳಲು ಬಿಡಳು. ಅವಳ ಹತ್ತಿರ ಒಂದು ಬಿಳಿ ಟಿ-ಶರ್ಟ್ ಇತ್ತು, ನಂಬರ್ ಇರಲಿಲ್ಲ. ರೆಫರಿ ಒಳ್ಳೆಯವರು. "ಟೇಪ್ ಇದ್ರ ನಂಬರ್ ಹಚ್ಚಿಬಿಡ್ರಿ, ನಾ ಬಿಡ್ತೀನಿ" ಅಂದರು. ಟೇಪೂ ಚೆಂಡಿನ ಚೀಲದಲ್ಲೇ ಇತ್ತು. ಯಾರನ್ನೋ ಪೇಟೆಗೆ ಓಡಿಸಿದೆವು. ಅವರು ಬರುವಷ್ಟರಲ್ಲಿ ಸ್ಕೋರ್‌ಶೀಟಿಗೆ ಸಹಿ ಬಿದ್ದಿತ್ತು. ಕ್ಯಾಪ್ಟನ್, ಕೋಚ್ ಸಹಿ ಹಾಕಿದ ಮೇಲೆ ಆಟಗಾರರ ಪಟ್ಟಿ ಬದಲಾಗುವುದಿಲ್ಲ. ಅವಳು ಬೆಂಚಿನ ಪಕ್ಕ ನೀರಿನ ಕ್ಯಾನಿನ ಹತ್ತಿರ ಕೂತಳು. ನಾವು ಸೋತೆವು. ಅವಳಿದ್ದರೆ ಗೆಲ್ಲುತ್ತಿದ್ದೆವು ಅಂತ ನಾನು ಹೇಳಲಾರೆ, ಎದುರಿನವರು ಚೆನ್ನಾಗಿಯೇ ಆಡಿದರು. ಆದರೆ ಆಡಲು ಬಂದ ಮಗು ಆಡದೆ ವಾಪಸ್ ಹೋಯಿತು. ಅದಕ್ಕೆ ಕಾರಣ ಆಟವಲ್ಲ, ನನ್ನ ಲೆಕ್ಕ.

ಚೀಲ ಸಿಕ್ಕಿತು, ಅದನ್ನೂ ಹೇಳಬೇಕು. ಕಂಡಕ್ಟರ್ ಅದನ್ನು ಡಿಪೋದಲ್ಲಿ ಜೋಪಾನವಾಗಿ ಇಟ್ಟಿದ್ದರು. ಟಿಕೆಟ್ ಇನ್ನೂ ನನ್ನ ಪರ್ಸಿನಲ್ಲಿತ್ತು, ಹಾಗಾಗಿ ಯಾವ ಬಸ್ಸು ಅಂತ ಹೇಳೋದು ಸುಲಭವಾಯಿತು. ಎರಡು ದಿನದ ಮೇಲೆ ಹೋಗಿ ತಂದೆವು. ಅಂದಿನಿಂದ ಬಸ್ ಹತ್ತಿದ ಕೂಡಲೇ ಟಿಕೆಟ್ಟಿನದೂ ಬಸ್ಸಿನ ನಂಬರಿನದೂ ಒಂದೊಂದು ಫೋಟೊ ತೆಗೆಯುತ್ತೇನೆ.

ಪಟ್ಟಿ ಉದ್ದವಾದಷ್ಟೂ ಓದುವವರು ಕಡಿಮೆ

ಮುಂದಿನ ವರ್ಷ ಟೂರ್ನಿ ಜೇವರ್ಗಿಯಲ್ಲಿ ಅಂತ ಗೊತ್ತಾದಾಗ ಹಟಕ್ಕೆ ಬಿದ್ದು ಹೊಸ ಪಟ್ಟಿ ಮಾಡಿದೆ. ಸೂಜಿ-ದಾರದಿಂದ ಹಿಡಿದು ಸೊಳ್ಳೆ ಬತ್ತಿಯವರೆಗೆ 61 ಸಾಲು. ಪ್ರಿಂಟ್ ತೆಗೆದು ಪಿ.ಟಿ. ಸರ್ ಕೈಗಿಟ್ಟೆ. ಅವರು ಒಮ್ಮೆ ಮೇಲೆ ನೋಡಿದರು, ಒಮ್ಮೆ ಕೆಳಗೆ ನೋಡಿದರು. "ಮೇಡಂ, ಇದು ಬಸ್ ಸ್ಟ್ಯಾಂಡಿನಾಗ ಓದಲಿಕ್ಕ ಆಗ್ತದೇನ್ರಿ?" ಅಂದರು.

ಆಗೋದಿಲ್ಲ. ಪ್ಲಾಟ್‌ಫಾರ್ಮಿನಲ್ಲಿ ನಿಂತು 61 ವಸ್ತು ಎಣಿಸೋಕೆ ಆಗೋದಿಲ್ಲ. ಆದರೆ ನಾಲ್ಕು ಚೀಲ ಎಣಿಸಬಹುದು. ಅಲ್ಲಿಂದ ನಮ್ಮ ಪದ್ಧತಿ ಬದಲಾಯಿತು. ವಸ್ತುಗಳ ಎಣಿಕೆ ಎರಡೇ ಸಲ: ಶಾಲೆಯಲ್ಲಿ ತುಂಬುವಾಗ, ವಾಪಸ್ ಬಂದು ಬಿಚ್ಚುವಾಗ. ದಾರಿಯುದ್ದಕ್ಕೂ ಚೀಲಗಳದ್ದು ಮಾತ್ರ. ಹಾಗಾಗಬೇಕಾದರೆ ಒಂದು ವಸ್ತುವಿಗೆ ಒಂದೇ ಚೀಲ ಅನ್ನೋ ನಿಯಮ ಮುರಿಯಬಾರದು. ಕೊನೆ ಗಳಿಗೆಯಲ್ಲಿ ಬಂದದ್ದಕ್ಕೂ ಕಟ್ಟಿದ ಚೀಲ ಬಿಚ್ಚಬೇಕು.

ನಮ್ಮ ನಾಲ್ಕು ಚೀಲ ಇವು:

ಒಂದು, ಚೆಂಡಿನ ಚೀಲ. 4 ಚೆಂಡು, ಕೈಪಂಪು, 3 ಪಿನ್ನು, ದರ್ಜಿಯ ಅಳತೆ ಟೇಪು.

ಎರಡು, ಜರ್ಸಿ ಚೀಲ. ಕೆಂಪು 11, ಹಳದಿ 1, ಹೆಚ್ಚುವರಿ ಕೆಂಪು 1. ಜೊತೆಗೆ ನಂಬರಿಲ್ಲದ ಒಂದು ಬಿಳಿ ಟಿ-ಶರ್ಟು, ಅಂಟಿಸೋ ಟೇಪಿನ ಒಂದು ಸುರುಳಿ, ಕತ್ತರಿ.

ಮೂರು, ಔಷಧಿ ಚೀಲ. ಬ್ಯಾಂಡೇಜು, ಹತ್ತಿ, ಗಾಯ ತೊಳೆಯೋ ದ್ರಾವಣ, ಓ.ಆರ್.ಎಸ್., ಸ್ಯಾನಿಟರಿ ಪ್ಯಾಡು, ಸೇಫ್ಟಿ ಪಿನ್ನು.

ನಾಲ್ಕು, ನೀರು-ಹಾಸಿಗೆ ಚೀಲ. ಲೋಟ, ಜಮಖಾನ, ಬಟ್ಟೆ ಒಣಗಿಸೋ ಹಗ್ಗ, ಕ್ಲಿಪ್ಪು, ಹಳೇ ದಿನಪತ್ರಿಕೆ.

ದಾಖಲೆಯ ಫೈಲು ಈ ನಾಲ್ಕರಲ್ಲಿ ಸೇರಿಲ್ಲ. ಮುಖ್ಯೋಪಾಧ್ಯಾಯರ ಸಹಿ-ಮುದ್ರೆ ಇರುವ ಆಟಗಾರರ ಅರ್ಜಿ, ಸ್ಯಾಟ್ಸ್ ನಂಬರು, ವಯಸ್ಸಿನ ದಾಖಲೆ, ಆಧಾರ್ ಪ್ರತಿ ಇವೆಲ್ಲ ನನ್ನ ಹೆಗಲ ಚೀಲದಲ್ಲಿ. ಅದನ್ನು ರಾತ್ರಿಯೂ ತಲೆದೆಸೆಯಲ್ಲೇ ಇಟ್ಟುಕೊಳ್ಳುತ್ತೇನೆ. ಯಾವ ಮಗುವಿಗಾದರೂ ದಿನಾ ತಗೊಳ್ಳೋ ಮಾತ್ರೆ, ಇನ್ಹೇಲರ್ ಇದ್ದರೆ ಅದು ಆ ಮಗುವಿನ ಹತ್ತಿರವೇ ಇರಬೇಕು. ಸಾಮಾನ್ಯ ಚೀಲಕ್ಕೆ ಹಾಕಬಾರದು. ಚೀಲ ತಪ್ಪಿಹೋದರೆ ಜರ್ಸಿಗೆ ಬದಲಿ ಹುಡುಕಬಹುದು, ಇನ್ಹೇಲರಿಗೆ ಆಗದು.

ಬೂಟು, ಸಾಕ್ಸು, ನೀಕ್ಯಾಪು, ಟವೆಲು ಅವರವರ ಸ್ವಂತ ಚೀಲದಲ್ಲಿ. ಅದರ ಜವಾಬ್ದಾರಿ ಅವರದೇ.

ಜರ್ಸಿ ಮೊದಲೇ ಯಾಕೆ ಹಂಚಬಾರದು

ಇದರ ಬಗ್ಗೆ ನನಗೂ ಪಿ.ಟಿ. ಸರ್‌ಗೂ ವಾದವಾಯಿತು. ಮೊದಲೇ ಹಂಚಿಬಿಟ್ಟರೆ ಹೊರೆ ಕಡಿಮೆ, ಅವರವರ ಜರ್ಸಿ ಅವರವರ ಹತ್ತಿರ ಅನ್ನೋದು ನನ್ನ ವಾದ. ಸರ್ ಒಂದೇ ಮಾತು ಹೇಳಿದರು: "ಬೆಳಿಗ್ಗೆ ಒಬ್ಬಾಕಿಗೆ ಜ್ವರ ಬಂತು, ಬರಲಿಲ್ಲ ಅಂದ್ರ?"

ಆ ಹುಡುಗಿಯ ಜೊತೆ ಜರ್ಸಿಯೂ ಮನೆಯಲ್ಲೇ ಉಳಿಯುತ್ತದೆ. ಅವಳ ಬದಲಿಗೆ ಬಂದವಳಿಗೆ ಹಾಕಲು ಏನೂ ಇರೋದಿಲ್ಲ. ಹಳ್ಳಿಯ ಶಾಲೆಯಲ್ಲಿ ಇದು ಅಪರೂಪವಲ್ಲ. ಮನೆಯಲ್ಲಿ ಒಪ್ಪಲಿಲ್ಲ, ತಮ್ಮನನ್ನು ನೋಡಿಕೊಳ್ಳಬೇಕು, ಹೊಲದ ಕೆಲಸ ಬಂತು ಅಂತ ಕೊನೆ ದಿನ ತಪ್ಪಿಸೋರು ಇದ್ದೇ ಇರುತ್ತಾರೆ. ಹಾಗಾಗಿ ಹೊರಡುವ ಎರಡು ದಿನ ಮುಂಚೆ ಎಲ್ಲರಿಗೂ ಹಾಕಿಸಿ ಅಳತೆ ನೋಡುತ್ತೇವೆ, ಯಾರಿಗೆ ಯಾವ ನಂಬರ್ ಅಂತ ಬರೆಯುತ್ತೇವೆ, ಮತ್ತೆ ಚೀಲಕ್ಕೆ ಹಾಕುತ್ತೇವೆ. ಪಂದ್ಯದ ಬೆಳಿಗ್ಗೆ ಹಂಚುತ್ತೇವೆ, ಸಂಜೆ ಎಣಿಸಿ ತಗೊಳ್ಳುತ್ತೇವೆ.

ಎರಡು ದಿನ ಮುಂಚೆ ಅನ್ನೋದಕ್ಕೂ ಅರ್ಥವಿದೆ. ಹಿಂದಿನ ರಾತ್ರಿ ತುಂಬಿದರೆ ಇಲ್ಲದ್ದು ಇಲ್ಲ ಅಂತ ಗೊತ್ತಾಗುತ್ತದೆ, ತರಲು ಸಮಯ ಇರೋದಿಲ್ಲ. ಎರಡು ದಿನ ಇದ್ದರೆ ಕಲಬುರಗಿಗೆ ಹೋಗುವವರ ಕೈಯಲ್ಲಿ ಒಂದು ಪಿನ್ನು ತರಿಸಬಹುದು, ಅಳಿಸಿದ ನಂಬರ್ ಮತ್ತೆ ಹಾಕಿಸಬಹುದು.

ಹೆಚ್ಚುವರಿ ಜರ್ಸಿಗೆ ತಂಡದಲ್ಲಿ ಯಾರಿಗೂ ಇಲ್ಲದ ನಂಬರ್ ಇರಬೇಕು. ನಮ್ಮದು 1ರಿಂದ 12, ಅದಕ್ಕೇ ಹೆಚ್ಚುವರಿಗೆ 13. ಯಾರದ್ದಾದರೂ ಹರಿದರೆ ಅಥವಾ ಕಾಣೆಯಾದರೆ ಸಹಿ ಹಾಕುವ ಮುಂಚೆ ಸ್ಕೋರ್‌ಶೀಟಿನಲ್ಲಿ ಆ ಹುಡುಗಿಯ ಎದುರು 13 ಅಂತ ಬರೆಸಬೇಕು. ಇನ್ನು ಬಿಳಿ ಟಿ-ಶರ್ಟು-ಟೇಪಿನ ಜೋಡಿ ಲಿಬೆರೊಗಾಗಿ. ನಿಯಮದ ಪ್ರಕಾರ ನಂಬರ್ ಎದೆಯ ಮೇಲೆ ಕನಿಷ್ಠ 15 ಸೆಂ.ಮೀ., ಬೆನ್ನ ಮೇಲೆ 20 ಸೆಂ.ಮೀ. ಎತ್ತರ, ಅದರ ಪಟ್ಟಿ ಕನಿಷ್ಠ 2 ಸೆಂ.ಮೀ. ಅಗಲ ಇರಬೇಕು. ಟೇಪಿನಲ್ಲಿ ಹಚ್ಚೋದಾದರೆ 1, 4, 7, 11ರಂಥ ನೆಟ್ಟಗಿನ ಗೆರೆಯ ನಂಬರ್ ಸುಲಭ. 8 ಹಚ್ಚಲು ಹೋಗಿ ನೋಡಿ, ಗೊತ್ತಾಗುತ್ತದೆ. ಹಾಗಾಗಿ ನಮ್ಮ ಲಿಬೆರೊಗೆ ಮೊದಲಿನಿಂದಲೇ 7 ಕೊಟ್ಟುಬಿಟ್ಟೆವು.

ಒಂದು ಚೀಲ, ಒಂದು ಹೆಸರು

ಮೊದಲಿಗೆ ಪ್ರತಿ ಚೀಲಕ್ಕೂ ಇಬ್ಬಿಬ್ಬರನ್ನು ನೇಮಿಸಿದ್ದೆ. ಒಬ್ಬಳು ಮರೆತರೆ ಇನ್ನೊಬ್ಬಳು ನೆನಪಿಸುತ್ತಾಳೆ ಅಂತ. ಆಗಿದ್ದು ಅಫಜಲಪುರದ ಕಥೆಯೇ: ಅವಳ ಹತ್ತಿರ ಇದೆ ಅಂತ ಇವಳು, ಇವಳ ಹತ್ತಿರ ಇದೆ ಅಂತ ಅವಳು. ತಾಲೂಕು ಮಟ್ಟದ ಪಂದ್ಯಕ್ಕೆ ಹೋದಾಗಲೇ ನೀರಿನ ಚೀಲ ಶಾಲೆಯ ಗೇಟಿನಲ್ಲಿ ಉಳಿದುಬಿಟ್ಟಿತು. ಆಮೇಲೆ ಒಂದು ಚೀಲಕ್ಕೆ ಒಂದೇ ಹೆಸರು ಮಾಡಿದೆವು. ಭಾರ ಇದ್ದರೆ ಇನ್ನೊಬ್ಬಳು ಹಿಡಿ ಹಿಡಿಯಲಿ, ಆದರೆ "ಎಲ್ಲದ?" ಅಂತ ಕೇಳಿದಾಗ ಉತ್ತರ ಹೇಳುವವಳು ಒಬ್ಬಳೇ.

ಅವಳೇ ಆಡಲು ಇಳಿದರೆ? ಆಗ ಬಾಯಿಬಿಟ್ಟು ಒಪ್ಪಿಸಬೇಕು. "ಬಾಲ್ ಚೀಲ ಕೊಟ್ಟೀನಿ." "ತಗೊಂಡೀನಿ." ಎರಡನೆಯ ಮಾತು ಬರುವವರೆಗೆ ಚೀಲ ಮೊದಲಿನವಳದೇ. ಬೆಂಚಿನ ಮೇಲೆ ಇಟ್ಟು ಹೋದರೆ ಒಪ್ಪಿಸಿದಂತೆ ಅಲ್ಲ. ಮೊದಮೊದಲು ಹುಡುಗಿಯರು ಇದನ್ನು ಆಡಿಕೊಂಡು ನಗುತ್ತಿದ್ದರು, ಊಟಕ್ಕೆ ಕೂತಾಗ ಉಪ್ಪು ಕೊಡುವಾಗಲೂ "ಕೊಟ್ಟೀನಿ", "ತಗೊಂಡೀನಿ". ನಗಲಿ, ರೂಢಿಯಾಯಿತಲ್ಲ.

ಎಣಿಕೆಯ ಜಾಗಗಳೂ ಗೊತ್ತು ಮಾಡಿದ್ದವು: ಶಾಲೆಯ ಗೇಟು, ಆಳಂದದಲ್ಲಿ ಬಸ್ ಹತ್ತಿದ ಮೇಲೆ, ಕಲಬುರಗಿಯಲ್ಲಿ ಇಳಿದ ಮೇಲೆ, ಜೇವರ್ಗಿ ಬಸ್ ಹತ್ತಿದ ಮೇಲೆ, ಜೇವರ್ಗಿಯಲ್ಲಿ ಇಳಿದ ಮೇಲೆ, ತಂಗುವ ಕೋಣೆ. ಇವೆಲ್ಲ ಕೈ ಅಥವಾ ಗಾಡಿ ಬದಲಾಗುವ ಜಾಗಗಳು. ಬಸ್ಸು ಓಡುತ್ತಿರುವಾಗ ಚೀಲ ಕಳೆಯೋದಿಲ್ಲ, ಇಳಿಯುವಾಗ ಕಳೆಯುತ್ತದೆ. ಇಳಿಯುವಾಗ ಮಾಡೋದು ಇಷ್ಟೇ. ಪಿ.ಟಿ. ಸರ್ ಮೊದಲು ಇಳಿದು ಬಾಗಿಲ ಹತ್ತಿರ ನಿಲ್ಲುತ್ತಾರೆ. ನಾನು ಕೊನೆಗೆ ಇಳಿಯುತ್ತೇನೆ, ಇಳಿಯುವ ಮುಂಚೆ ಬಗ್ಗಿ ಸೀಟಿನ ಕೆಳಗೆ ನೋಡುತ್ತೇನೆ. ನಾಲ್ಕೂ ಚೀಲ ನೆಲದ ಮೇಲೆ ಒಂದೇ ಕಡೆ ಇಟ್ಟು, ನಾಲ್ಕು ಹುಡುಗಿಯರು "ಒಂದು", "ಎರಡು", "ಮೂರು", "ನಾಲ್ಕು" ಅನ್ನಬೇಕು. ಅಲ್ಲಿವರೆಗೆ ಯಾರೂ ಹೆಜ್ಜೆ ಎತ್ತುವಂತಿಲ್ಲ. ಎರಡು ನಿಮಿಷದ ಕೆಲಸ. ಆ ಎರಡು ನಿಮಿಷಕ್ಕೆ ಬಸ್ ತಪ್ಪುತ್ತದೆ ಅನ್ನೋದಾದರೆ ಮುಂದಿನ ಬಸ್ಸಿಗೆ ಹೋಗೋದು ಅಂತ ಮೊದಲೇ ತೀರ್ಮಾನ ಮಾಡಿರಬೇಕು. ಅಲ್ಲಿ ನಿಂತು ಚರ್ಚೆ ಮಾಡೋಕೆ ಆಗೋದಿಲ್ಲ.

ಮೈದಾನದಲ್ಲಿ ಎಲ್ಲ ಚೆಂಡೂ ಒಂದೇ ಥರ

ಟೂರ್ನಿಗೆ ಬಂದ ಶಾಲೆಗಳಲ್ಲಿ ಅರ್ಧಕ್ಕರ್ಧ ಒಂದೇ ಕಂಪನಿಯ, ಒಂದೇ ಬಣ್ಣದ ಚೆಂಡು ತಂದಿರುತ್ತವೆ. ವಾರ್ಮ್‌ಅಪ್‌ನಲ್ಲಿ ಒಂದು ಕಡೆಯದು ಇನ್ನೊಂದು ಕಡೆ ಉರುಳುತ್ತದೆ. ಸಂಜೆಗೆ ನಾಲ್ಕು ಚೆಂಡು ಇದ್ದರೆ ಸಾಕು ಅಂತ ಚೀಲಕ್ಕೆ ತುಂಬಿಕೊಂಡು ಬಂದರೆ, ಊರಿಗೆ ಹೋದ ಮೇಲೆ ಗೊತ್ತಾಗುತ್ತದೆ: ಹೊಸ ಚೆಂಡು ಹೋಗಿ ಹಳೇದು ಬಂದಿದೆ.

ನಾವು ಗಾಳಿ ತುಂಬುವ ತೂತಿನ ಪಕ್ಕ ಅಳಿಸದ ಮಾರ್ಕರ್‌ನಿಂದ ಶಾಲೆಯ ಅಕ್ಷರ ಬರೆದು, ಅದರ ಕೆಳಗೆ 1/4, 2/4, 3/4, 4/4 ಅಂತ ಹಾಕಿದೆವು. ಬರೀ 1, 2, 3 ಅಂತ ಬರೆದರೆ ಒಟ್ಟು ಎಷ್ಟಿರಬೇಕು ಅಂತ ತಿಳಿಯದು. 3/4 ಅಂತ ಇದ್ದರೆ ಎಣಿಸುವವಳಿಗೆ ಪಟ್ಟಿಯೇ ಬೇಡ, ಚೆಂಡೇ ಹೇಳುತ್ತದೆ ನಾವು ನಾಲ್ವರು ಅಂತ. ಮರಳಿನಲ್ಲಿ ಆಡಿದರೆ ಮಾರ್ಕರ್ ಬೇಗ ಅಳಿಸುತ್ತದೆ, ಆಗಾಗ ಮತ್ತೆ ಬರೆಯಬೇಕು.

ಜೇವರ್ಗಿಯಲ್ಲಿ ಮೊದಲ ದಿನ ಸಂಜೆ ಚೆಂಡು ಎಣಿಸಿದ ಹುಡುಗಿ "ನಾಲ್ಕು ಅವ, ಆದ್ರ 2/4 ಇಲ್ಲ ಮೇಡಂ" ಅಂದಳು. ಗುರುತಿಲ್ಲದ ಒಂದು ಚೆಂಡು ನಮ್ಮ ಚೀಲದಲ್ಲಿತ್ತು. ಮೈದಾನದಲ್ಲಿ ಇನ್ನೂ ಮೂರು ತಂಡ ಇದ್ದವು. ಹತ್ತು ನಿಮಿಷದಲ್ಲಿ ನಮ್ಮದು ಸಿಕ್ಕಿತು, ಅವರದ್ದು ಅವರಿಗೆ ಹೋಯಿತು. ಮರುದಿನ ನೋಡಿದ್ದರೆ ಆ ತಂಡ ಊರಿಗೆ ಹೋಗಿಬಿಟ್ಟಿರುತ್ತಿತ್ತು.

ಮೂರು ಪಿನ್ನು ಯಾಕೆ ಅಂದಿರಾ? ಒಣ ಪಿನ್ನನ್ನು ಒತ್ತಿ ತುರುಕಿದರೆ ಒಂದೋ ಪಿನ್ನು ಮುರಿಯುತ್ತದೆ, ಇಲ್ಲವೇ ಒಳಗಿನ ರಬ್ಬರ್ ಹರಿದು ಚೆಂಡು ಗಾಳಿ ಬಿಡುತ್ತದೆ. ಪಿನ್ನನ್ನು ನೀರಿನಲ್ಲಿ ಅದ್ದಿ, ತಿರುಗಿಸುತ್ತಾ ನೇರಕ್ಕೆ ಹಾಕಬೇಕು. ಅಳತೆ ಟೇಪು ಗಾಳಿ ನೋಡಲು. ಚೆಂಡಿನ ಸುತ್ತಳತೆ 65ರಿಂದ 67 ಸೆಂ.ಮೀ. ಇರಬೇಕು ಅನ್ನೋದು ನಿಯಮ. ಟೇಪು ಗಾಳಿಯ ಒತ್ತಡವನ್ನು ಸರಿಯಾಗಿ ಹೇಳೋದಿಲ್ಲ, ಅದಕ್ಕೆ ಗೇಜ್ ಬೇಕು. ಆದರೆ ಚೆಂಡು ತೀರಾ ಇಳಿದಿದೆಯಾ, ಉಬ್ಬಿ ಆಕಾರ ಕೆಟ್ಟಿದೆಯಾ ಅನ್ನೋದು ತಿಳಿಯುತ್ತದೆ. ಬಿಸಿಲಿಗೆ ಕಾದ ಚೆಂಡು ಗಟ್ಟಿಯಾಗುತ್ತದೆ, ಹಾಗಂತ ಗಾಳಿ ಬಿಡಬೇಡಿ. ನೆರಳಿಗಿಟ್ಟು ತಣ್ಣಗಾದ ಮೇಲೆ ನೋಡಿ.

ಎರೆ ಮಣ್ಣು, ಒದ್ದೆ ಜರ್ಸಿ

ಶಾಲಾ ಪಂದ್ಯಗಳು ಹೆಚ್ಚಾಗಿ ಮಳೆಗಾಲದಲ್ಲೇ ಬರುತ್ತವೆ. ನಮ್ಮ ಕಡೆಯ ಎರೆ ಮಣ್ಣು ಒದ್ದೆಯಾದರೆ ಬೂಟಿನ ಕೆಳಗೆ ಇನ್ನೊಂದು ಬೂಟು ಬೆಳೆಯುತ್ತದೆ. ಹಳೇ ದಿನಪತ್ರಿಕೆ ಅದಕ್ಕೇ. ಮಣ್ಣು ಕೆರೆದು, ಕಾಗದ ಉಂಡೆ ಮಾಡಿ ಬೂಟಿನೊಳಗೆ ತುಂಬಿಟ್ಟರೆ ಬೆಳಿಗ್ಗೆಗೆ ತಕ್ಕಮಟ್ಟಿಗೆ ಒಣಗಿರುತ್ತದೆ.

ಎರಡು ದಿನದ ಟೂರ್ನಿಯಲ್ಲಿ ರಾತ್ರಿ ಜರ್ಸಿ ಒಗೆಯಲೇಬೇಕು. ತಂಗೋದು ಒಂದು ಶಾಲೆಯ ಕೋಣೆಯಲ್ಲಿ, ಹೊರಗಿನ ಹಗ್ಗದ ಮೇಲೆ ನಾಲ್ಕು ತಂಡದ ಬಟ್ಟೆ. ಅಲ್ಲಿ ನಮ್ಮ ನಿಯಮ: ಹಗ್ಗಕ್ಕೆ ಹಾಕುವಾಗ ನಂಬರಿನ ಸಾಲಿನಲ್ಲೇ ಹಾಕಬೇಕು, 1ರ ಪಕ್ಕ 2, 2ರ ಪಕ್ಕ 3. ಒಂದು ಇಲ್ಲದಿದ್ದರೆ ಎಣಿಸೋದೇ ಬೇಡ, ಸಾಲಿನಲ್ಲಿ ಖಾಲಿ ಜಾಗ ಕಣ್ಣಿಗೆ ಬೀಳುತ್ತದೆ. ಕತ್ತಲಾದ ಮೇಲೆ ಹಗ್ಗ ಕೋಣೆಯೊಳಗೆ ಕಟ್ಟುತ್ತೇವೆ.

ದಂಡ ಹಾಕಿದರೆ ಸುದ್ದಿ ಬರೋದಿಲ್ಲ

ಮೊದಲು ನಮ್ಮಲ್ಲಿ ಸಾಮಾನು ಕಳೆದರೆ ಆ ಹುಡುಗಿಯಿಂದ ದುಡ್ಡು ತಗೊಳ್ಳುವ ರೂಢಿ ಇತ್ತು. ಶಿಸ್ತು ಬರುತ್ತದೆ ಅಂತ ನಂಬಿಕೆ. ನಿಜವಾಗಿ ಏನಾಗುತ್ತಿತ್ತು ಅಂದರೆ, ಕಳೆದದ್ದು ಯಾರೂ ಹೇಳುತ್ತಿರಲಿಲ್ಲ. ಕೂಲಿ ಮಾಡುವ ಅಪ್ಪ-ಅವ್ವನ ಹತ್ತಿರ ಒಂದು ಜರ್ಸಿಯ ದುಡ್ಡು ಕೇಳೋದಕ್ಕಿಂತ ಸುಮ್ಮನಿರೋದೇ ಮೇಲು ಅಂತ ಮಗುವಿಗೆ ಅನಿಸುತ್ತದೆ. ವಾರದ ಮೇಲೆ ಚೀಲ ಬಿಚ್ಚಿದಾಗ ನಮಗೆ ಗೊತ್ತಾಗುತ್ತಿತ್ತು. ಹುಡುಕುವ ಕಾಲ ಅಷ್ಟೊತ್ತಿಗೆ ಮುಗಿದಿರುತ್ತಿತ್ತು.

ಈಗ ನಿಯಮ ಬೇರೆ. ಅದೇ ದಿನ ಹೇಳಿದರೆ ದಂಡವಿಲ್ಲ, ಬೈಗುಳವೂ ಇಲ್ಲ. ಜೇವರ್ಗಿಯಲ್ಲಿ ಎರಡನೇ ದಿನ ಮಧ್ಯಾಹ್ನ ಒಬ್ಬಳು ಬಂದು "ಮೇಡಂ, ಪಂಪ್ ಹ್ಯಾಂಡಲ್ ಮುರದದ, ನಾನೇ ಮುರದೀನಿ" ಅಂದಳು. ಹಳೇ ನಿಯಮವಿದ್ದರೆ ಪಂಪು ಚೀಲದ ತಳಕ್ಕೆ ಹೋಗಿರುತ್ತಿತ್ತು, ಮುಂದಿನ ಪಂದ್ಯದ ಬೆಳಿಗ್ಗೆ ನಮಗೆ ತಿಳಿಯುತ್ತಿತ್ತು.

ವಾಪಸ್ ಬಂದ ದಿನ ಎಲ್ಲರಿಗೂ ಸುಸ್ತು. ಚೀಲ ಎಸೆದು ಮನೆಗೆ ಓಡಬೇಕು ಅನಿಸುತ್ತದೆ. ಆದರೆ ಅವತ್ತೇ ಬಿಚ್ಚಿ ಎಣಿಸಬೇಕು, ಇಲ್ಲದಿದ್ದರೆ ಒದ್ದೆ ಬಟ್ಟೆ ಚೀಲದಲ್ಲೇ ಬೂಷ್ಟು ಹಿಡಿಯುತ್ತದೆ. ಈ ಲೆಕ್ಕಕ್ಕೆ ಮಾತ್ರ ನಾನು ಫೋನಿನಲ್ಲಿ ಗೂಗಲ್ ಶೀಟ್ ಇಟ್ಟಿದ್ದೇನೆ. A ಸಾಲಿನಲ್ಲಿ ವಸ್ತು, Bಯಲ್ಲಿ ಯಾವ ಚೀಲ, Cಯಲ್ಲಿ ಒಯ್ದದ್ದು, Dಯಲ್ಲಿ ಬಂದದ್ದು, Eಯಲ್ಲಿ ಈ ಸೂತ್ರ:

```
=C2-D2
```

ಸೊನ್ನೆ ಇರದ ಸಾಲು ಮಾತ್ರ ನೋಡಿದರೆ ಸಾಕು. Fನಲ್ಲಿ "ಹರಿದಿದೆ", "ಮುರಿದಿದೆ" ಅಂತ ಒಂದು ಮಾತು. ಮುಂದಿನ ವರ್ಷ ಏನು ಕೊಳ್ಳಬೇಕು ಅನ್ನೋ ಪಟ್ಟಿ ಅಲ್ಲೇ ತಯಾರಾಗುತ್ತದೆ. ಪ್ರಯಾಣದಲ್ಲಿ ಫೋನ್ ನಂಬೋದಿಲ್ಲ, ಚಾರ್ಜು ಮುಗಿದಿರುತ್ತದೆ, ಕೈ ಒದ್ದೆಯಿರುತ್ತದೆ. ಪ್ರತಿ ಚೀಲದ ಮುಚ್ಚಳದ ಒಳಗೆ, ಪ್ಲಾಸ್ಟಿಕ್ ಕವರಿನಲ್ಲಿ, ಆ ಚೀಲದ್ದಷ್ಟೇ ಐದಾರು ಸಾಲಿನ ಚೀಟಿ ಇದೆ. ಅದು ಸಾಕು.

ಜೇವರ್ಗಿಯಿಂದ ಬಂದ ದಿನದ ಲೆಕ್ಕ ಹೀಗಿತ್ತು: ಚೆಂಡು 4ಕ್ಕೆ 4, ಜರ್ಸಿ 13ಕ್ಕೆ 13, ಪಿನ್ನು 3ಕ್ಕೆ 2, ಕ್ಲಿಪ್ಪು 20ಕ್ಕೆ 14, ಪಂಪು ಮುರಿದದ್ದು. ಕ್ಲಿಪ್ಪು ಎಲ್ಲಿ ಹೋದವು ಅಂತ ಇವತ್ತಿಗೂ ಗೊತ್ತಿಲ್ಲ. ಆಟದಲ್ಲಿ ಸೆಮಿಫೈನಲ್‌ವರೆಗೆ ಹೋದೆವು.

ಜರ್ಸಿ ಚೀಲ ಯಾರು ಹೊರುತ್ತೀರಿ ಅಂತ ನಾನು ಕೇಳಿದಾಗ ಮೊದಲು ಕೈ ಎತ್ತಿದವಳು ನಮ್ಮ ಕುಳ್ಳ ಲಿಬೆರೊ. ಅವಳೀಗ ಒಂಬತ್ತನೇ ತರಗತಿ. ಕಲಬುರಗಿ ನಿಲ್ದಾಣದಲ್ಲಿ ಇಳಿದಾಗ "ಎರಡು" ಅನ್ನೋದು ಅವಳ ಪಾಳಿ. ಅವಳು ಅಷ್ಟಕ್ಕೇ ಬಿಡಲಿಲ್ಲ. ಚೀಲದ ಜಿಪ್ ಸ್ವಲ್ಪ ಸರಿಸಿ, ಒಳಗೆ ಹಳದಿ ಬಣ್ಣ ಕಾಣುತ್ತದಾ ಅಂತ ನೋಡಿ, ಮತ್ತೆ ಮುಚ್ಚಿ, ಆಮೇಲೆ "ಎರಡು" ಅಂದಳು. ದಾರಿಯಲ್ಲಿ ಚೀಲ ಬಿಚ್ಚಬಾರದು ಅನ್ನೋದು ನಮ್ಮ ನಿಯಮ. ನಾನು ಏನೂ ಅನ್ನಲಿಲ್ಲ.